ಹೆಗಲು ಸಿಲುಕಿದ ಹೆರಿಗೆ: ಒಂದು ಮೌಖಿಕ ಜ್ಞಾನವು ವೈದ್ಯಕೀಯ ಕ್ರಮಾವಳಿಯನ್ನು ಸೇರಿದ ಬಗೆ

ಜನಪದ ವೈದ್ಯವನ್ನು ಕುರಿತ ನಮ್ಮ ಅಧ್ಯಯನಗಳಲ್ಲಿ ಮೂಲಿಕೆಗೆ ದೊರೆತಿರುವ ಸ್ಥಾನ ಕೈಗೆ ದೊರೆತಿಲ್ಲ. ಬೇರು, ತೊಗಟೆ, ಕಷಾಯಗಳ ಪಟ್ಟಿಯನ್ನು ಬರೆದಿಟ್ಟುಕೊಳ್ಳುವುದು ಸುಲಭ. ಎಲ್ಲಿ ಒತ್ತಬೇಕು, ಯಾವ ದಿಕ್ಕಿಗೆ ತಿರುಗಿಸಬೇಕು, ಎಲ್ಲಿ ಕೈ ತೆಗೆಯಬೇಕು ಎಂಬ ಸ್ಪರ್ಶಜ್ಞಾನವನ್ನು ದಾಖಲಿಸುವುದು ಕಷ್ಟ. ಇಂತಹ ಒಂದು ಸ್ಪರ್ಶಜ್ಞಾನ ಗ್ವಾಟೆಮಾಲ ದೇಶದ ಎತ್ತರದ ಪ್ರದೇಶದ ಸೂಲಗಿತ್ತಿಯರಿಂದ ಹೊರಟು, ಎರಡು ದಶಕಗಳಲ್ಲಿ ಆಧುನಿಕ ಪ್ರಸೂತಿಶಾಸ್ತ್ರದ ತುರ್ತು ಕ್ರಮಾವಳಿಯೊಳಗೆ ಸ್ಥಾನ ಪಡೆಯಿತು. ಪ್ರಸವಕಾಲದಲ್ಲಿ ಮಗುವಿನ ಹೆಗಲು ಸಿಲುಕಿದಾಗ ತಾಯಿಯನ್ನು ಅಂಗೈ ಮತ್ತು ಮೊಣಕಾಲುಗಳ ಮೇಲೆ ತಿರುಗಿಸಿ ನಿಲ್ಲಿಸುವ ಕ್ರಮವೇ ಅದು. ಈ ಕ್ರಮದ ಅರ್ಥ ತಿಳಿಯಬೇಕಾದರೆ ಮೊದಲು ಆ ಸಂಕಟದ ಸ್ವರೂಪವನ್ನೂ, ಅದನ್ನು ಬಿಡಿಸಲು ಏರ್ಪಟ್ಟಿರುವ ಕ್ರಮಗಳ ಸರಣಿಯನ್ನೂ ತಿಳಿಯಬೇಕು. ಪ್ರಸ್ತುತ ಲೇಖನದ ಉದ್ದೇಶ ಅದು.

೧. ಸಂಕಟದ ಸ್ವರೂಪ

ಸಾಮಾನ್ಯ ಹೆರಿಗೆಯಲ್ಲಿ ಮಗುವಿನ ತಲೆ ಹೊರಬಂದ ಬಳಿಕ, ಮುಂದಿನ ಒಂದೆರಡು ನೋವುಗಳಲ್ಲಿ ಹೆಗಲುಗಳೂ ಮೈಯೂ ತಾವಾಗಿ ಜಾರಿ ಬರುತ್ತವೆ. ತಾಯಿಯ ಶ್ರೋಣಿಯ ಎಲುಬುಗೂಡು ಎಲ್ಲ ದಿಕ್ಕಿನಲ್ಲಿಯೂ ಒಂದೇ ಅಗಲವುಳ್ಳದ್ದಲ್ಲ. ಅದರ ಬಾಯಲ್ಲಿ ಹಿಂದು-ಮುಂದಿನ ಅಳತೆಗಿಂತ ಓರೆಯ ಅಳತೆ ಹೆಚ್ಚು. ಆದುದರಿಂದ ಮಗುವಿನ ಹೆಗಲುಗಳು ಓರೆಯಾಗಿ, ಒಂದರ ಹಿಂದೆ ಒಂದರಂತೆ ಒಳಗಿಳಿಯುತ್ತವೆ. ಹಾಗಲ್ಲದೆ ಎರಡು ಹೆಗಲುಗಳೂ ನೇರವಾಗಿ ಹಿಂದು-ಮುಂದಾಗಿ ಇಳಿಯಲು ಬಂದರೆ, ಮುಂದಿನ ಹೆಗಲು ತಾಯಿಯ ಪ್ಯೂಬಿಸ್ ಮೂಳೆಯ, ಅಂದರೆ ಕಿಬ್ಬೊಟ್ಟೆಯ ಕೆಳತುದಿಯಲ್ಲಿ ಮುಟ್ಟಿದರೆ ಗಟ್ಟಿಯಾಗಿ ಸಿಗುವ ಮೂಳೆಯ, ಹಿಂಬದಿಗೆ ಸಿಕ್ಕಿಕೊಳ್ಳುತ್ತದೆ. ತಲೆ ಹೊರಗೆ, ಮೈ ಒಳಗೆ. ವೈದ್ಯರು ಇದನ್ನು ಶೋಲ್ಡರ್ ಡಿಸ್ಟೋಶಿಯಾ ಎನ್ನುತ್ತಾರೆ. ತಲೆಯನ್ನು ಮೆಲ್ಲಗೆ, ಬೆನ್ನುಹುರಿಯ ನೇರದಲ್ಲಿ ಹಿಡಿದು ಎಳೆದಾಗಲೂ ಹೆಗಲು ಬಾರದೆ, ಬೇರೆ ಕ್ರಮಗಳು ಬೇಕಾದ ಹೆರಿಗೆ ಎಂಬುದು ಅದರ ವ್ಯಾಖ್ಯೆ. ನೇರ ಹೆರಿಗೆಗಳಲ್ಲಿ ಇದು ಸಾವಿರಕ್ಕೆ ಸುಮಾರು ಆರೇಳರಷ್ಟು ಕಂಡುಬರುತ್ತದೆ ಎಂದು ದೊಡ್ಡ ಸಮೀಕ್ಷೆಗಳು ಹೇಳುತ್ತವೆ.

ಇದನ್ನು ಗುರುತಿಸುವ ಮುಖ್ಯ ಚಿಹ್ನೆ ಆಮೆಯ ಹೆಸರಿನದು. ಹೊರಬಂದ ತಲೆ ಮುಂದೆ ಸರಿಯುವ ಬದಲು, ಆಮೆ ತನ್ನ ಕತ್ತನ್ನು ಚಿಪ್ಪಿನೊಳಕ್ಕೆ ಎಳೆದುಕೊಳ್ಳುವಂತೆ, ಹಿಂದಕ್ಕೆ ಸರಿದು ತಾಯಿಯ ಮೈಗೆ ಬಿಗಿಯಾಗಿ ಅಂಟಿಕೊಳ್ಳುತ್ತದೆ. ಕೆನ್ನೆಗಳು ಉಬ್ಬಿರುತ್ತವೆ, ಗದ್ದ ಕಾಣಿಸುವುದಿಲ್ಲ, ತಲೆ ತಾನಾಗಿ ಪಕ್ಕಕ್ಕೆ ಹೊರಳುವುದೂ ಇಲ್ಲ.

ಈ ಸ್ಥಿತಿಯಲ್ಲಿ ಅಪಾಯ ಎರಡು ಕಡೆಯಿಂದ ಬರುತ್ತದೆ. ಮೊದಲನೆಯದು ಕಾಲದ ಅಪಾಯ. ಹೊಕ್ಕುಳಬಳ್ಳಿ ಒತ್ತಡಕ್ಕೆ ಸಿಲುಕಬಹುದು. ಎದೆ ಬಿಗಿಹಿಡಿದಿರುವುದರಿಂದ ಮಗು ಉಸಿರಾಡಲಾರದು. ಈ ಕಾರಣದಿಂದ ಸಂಭವಿಸಿದ ಶಿಶುಮರಣಗಳನ್ನು ಪರಿಶೀಲಿಸಿದ ಬ್ರಿಟನ್ನಿನ ಒಂದು ವಿಚಾರಣೆಯಲ್ಲಿ, ತೀರಿಕೊಂಡ ಮಕ್ಕಳಲ್ಲಿ ಶೇಕಡ 47ರಷ್ಟು ತಲೆ ಹೊರಬಂದ 5 ನಿಮಿಷಗಳೊಳಗೆ ಪೂರ್ತಿ ಹುಟ್ಟಿದ್ದವು ಎಂದು ಕಂಡುಬಂದಿದೆ. ಎರಡನೆಯದು ಬಲದ ಅಪಾಯ. ಗಾಬರಿಗೊಂಡ ಕೈ ತಲೆಯನ್ನು ಕೆಳಕ್ಕೆ ಬಗ್ಗಿಸಿ ಜಗ್ಗಿದರೆ, ಕತ್ತಿನಿಂದ ತೋಳಿಗೆ ಹೋಗುವ ನರಗಳ ಗುಂಪು ಹಿಗ್ಗಿ ಹರಿಯಬಹುದು. ಆಗ ಮಗುವಿನ ತೋಳು ಸೋತು ಜೋತುಬೀಳುತ್ತದೆ. ಇವುಗಳಲ್ಲಿ ಹೆಚ್ಚಿನವು ಕೆಲವು ತಿಂಗಳಲ್ಲಿ ವಾಸಿಯಾದರೂ ಕೆಲವು ಜೀವನವಿಡೀ ಉಳಿಯುತ್ತವೆ. ನಿಧಾನಿಸುವಂತಿಲ್ಲ, ಎಳೆಯುವಂತೆಯೂ ಇಲ್ಲ. ಈ ಇಕ್ಕಟ್ಟೇ ಮುಂದೆ ವಿವರಿಸುವ ಕ್ರಮಾವಳಿಯನ್ನು ರೂಪಿಸಿದೆ.

೨. ಮುನ್ಸೂಚನೆಗಳು ಮತ್ತು ಅವುಗಳ ಮಿತಿ

ಯಾವ ತಾಯಂದಿರಲ್ಲಿ ಇದರ ಸಂಭವ ಹೆಚ್ಚು ಎಂಬುದು ತಿಳಿದಿದೆ. ಹಿಂದಿನ ಹೆರಿಗೆಯಲ್ಲಿ ಹೆಗಲು ಸಿಲುಕಿದ್ದವರು, ಮಧುಮೇಹವುಳ್ಳವರು, ದೇಹತೂಕ ಬಹಳ ಹೆಚ್ಚಾಗಿರುವವರು, ನಾಲ್ಕೂವರೆ ಕಿಲೋಗ್ರಾಮಿಗಿಂತ ದೊಡ್ಡ ಮಗುವನ್ನು ಹೊತ್ತವರು ಈ ಸಾಲಿಗೆ ಸೇರುತ್ತಾರೆ. ಇವರಲ್ಲಿ ಮಧುಮೇಹಕ್ಕೆ ವಿಶೇಷ ಸ್ಥಾನವಿದೆ. ತಾಯಿಯ ರಕ್ತದ ಹೆಚ್ಚುವರಿ ಸಕ್ಕರೆ ಮಗುವಿಗೂ ಹರಿದು, ಅದರ ಹೆಗಲು ಮತ್ತು ಮುಂಡದ ಮೇಲೆ ಕೊಬ್ಬು ಸೇರುತ್ತದೆ. ತಲೆ ಅದೇ ಪ್ರಮಾಣದಲ್ಲಿ ಬೆಳೆಯುವುದಿಲ್ಲ. ಹೀಗಾಗಿ ತಲೆ ಹಾಯ್ದ ದಾರಿಯಲ್ಲಿ ಹೆಗಲು ಹಾಯಲಾರದು. ಹೆರಿಗೆ ನಡೆಯುತ್ತಿರುವಾಗ ಕಾಣುವ ಸೂಚನೆಗಳೂ ಇವೆ: ನೋವು ಬಹಳ ಹೊತ್ತು ಎಳೆಯುವುದು, ನಡುವೆ ಪ್ರಗತಿ ನಿಲ್ಲುವುದು, ನೋವು ಹೆಚ್ಚಿಸಲು ಔಷಧಿ ಕೊಡಬೇಕಾಗುವುದು, ಇಕ್ಕಳ ಅಥವಾ ನಿರ್ವಾತ ಬಟ್ಟಲಿನಿಂದ ತಲೆಯನ್ನು ತೆಗೆಯಬೇಕಾಗುವುದು.

ಆದರೆ ಈ ಪಟ್ಟಿಯಿಂದ ಮುನ್ನುಡಿಯಲು ಹೊರಟರೆ ಅದು ಕೈಕೊಡುತ್ತದೆ. ಹೆಗಲು ಸಿಲುಕಿದ ಹೆರಿಗೆಗಳಲ್ಲಿ ಸುಮಾರು ಅರ್ಧದಷ್ಟು, ನಿರ್ದಿಷ್ಟವಾಗಿ ಶೇಕಡ 48ರಷ್ಟು, 4 ಕಿಲೋಗ್ರಾಮಿಗಿಂತ ಕಡಿಮೆ ತೂಕದ ಮಕ್ಕಳಲ್ಲಿ ಆಗುತ್ತವೆ. ಇನ್ನೊಂದೆಡೆ, ದೊಡ್ಡ ಮಕ್ಕಳಲ್ಲಿ ಬಹುಪಾಲು ತೊಂದರೆಯಿಲ್ಲದೆ ಹುಟ್ಟುತ್ತವೆ. ಹೆರಿಗೆಗೆ ಮುಂಚೆ ಸ್ಕ್ಯಾನಿಂಗಿನಿಂದ ಅಂದಾಜು ಮಾಡುವ ತೂಕದಲ್ಲಿಯೂ, ಮಗು ದೊಡ್ಡದಾದಷ್ಟೂ ತಪ್ಪು ಹೆಚ್ಚು. ಆದುದರಿಂದ ಅಪಾಯಲಕ್ಷಣಗಳನ್ನು ತಿಳಿದಿರುವುದು ಎಚ್ಚರಕ್ಕೆ ಸಹಾಯಕವೇ ಹೊರತು, ಲಕ್ಷಣವಿಲ್ಲದವರಲ್ಲಿ ಇದು ಆಗದು ಎಂಬ ಭರವಸೆಗೆ ಆಧಾರವಲ್ಲ. ಹೆರಿಗೆ ಮಾಡಿಸುವ ಪ್ರತಿಯೊಂದು ಕೈಗೂ ಬಿಡಿಸುವ ವಿದ್ಯೆ ತಿಳಿದಿರಬೇಕೆಂಬ ನಿಯಮ ಹುಟ್ಟಿದ್ದು ಇದರಿಂದಲೇ.

೩. ಬಿಡಿಸುವ ಕ್ರಮಾವಳಿ

ಕ್ರಮಾವಳಿಯಲ್ಲಿ ಅನೇಕ ವೈದ್ಯರ ಹೆಸರುಗಳು ಬರುತ್ತವೆ. ಆದರೆ ಅವುಗಳ ಹಿಂದಿರುವ ಉಪಾಯಗಳು ಮೂರೇ: ತಾಯಿಯ ಶ್ರೋಣಿಯ ಓರೆ ಅಥವಾ ಅಳತೆಯನ್ನು ಬದಲಿಸುವುದು, ಮಗುವಿನ ಹೆಗಲುಗಳ ಅಗಲವನ್ನು ಕುಗ್ಗಿಸುವುದು, ಹೆಗಲುಗಳನ್ನು ನೇರದಿಂದ ಓರೆಗೆ ತಿರುಗಿಸುವುದು. ತಡೆ ಇರುವುದು ಮೂಳೆಗೂ ಮೂಳೆಗೂ ನಡುವೆ. ಆದುದರಿಂದ ಎಳೆತ ಪರಿಹಾರವಲ್ಲ. ಯೋನಿದ್ವಾರವನ್ನು ಕತ್ತರಿಸಿ ಅಗಲಿಸಿದರೂ ಮೂಳೆಯ ತಡೆ ಬಿಡುವುದಿಲ್ಲ, ಒಳಗೆ ಕೈಹಾಕಲು ಜಾಗ ಸಾಲದಿದ್ದಾಗ ಮಾತ್ರ ಅದು ಬೇಕಾಗಬಹುದು.

ಮೊದಲ ಹೆಜ್ಜೆ ಸಹಾಯಕ್ಕೆ ಕೂಗುವುದು, ಹೊತ್ತನ್ನು ಗುರುತಿಸುವುದು, ಮುಕ್ಕಬೇಡವೆಂದು ತಾಯಿಗೆ ಹೇಳುವುದು. ಮುಕ್ಕಿದಷ್ಟೂ ಹೆಗಲು ಮೂಳೆಗೆ ಇನ್ನಷ್ಟು ಒತ್ತುತ್ತದೆ. ಇದೇ ಕಾರಣದಿಂದ ಹೊಟ್ಟೆಯ ಮೇಲ್ಭಾಗವನ್ನು, ಅಂದರೆ ಗರ್ಭಕೋಶದ ತುದಿಯನ್ನು, ಒತ್ತುವುದು ನಿಷಿದ್ಧ. ಅದು ಹೆಗಲನ್ನು ಬಿಗಿಗೊಳಿಸುವುದಲ್ಲದೆ ಗರ್ಭಕೋಶವನ್ನೇ ಹರಿಯಬಹುದು.

ಎರಡನೆಯ ಹೆಜ್ಜೆ ತಾಯಿಯನ್ನು ಅಂಗಾತ ಮಲಗಿಸಿ, ಎರಡು ತೊಡೆಗಳನ್ನೂ ಮಡಿಸಿ ಹೊಟ್ಟೆಯ ಕಡೆಗೆ ಒತ್ತಿಹಿಡಿಯುವುದು. ಅಮೆರಿಕದ ಟೆಕ್ಸಾಸಿನ ವೈದ್ಯ ವಿಲಿಯಂ ಮ್ಯಾಕ್‌ರಾಬರ್ಟ್ಸ್ ಅವರ ಹೆಸರಿನ ಈ ಭಂಗಿ 1983ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಇದರಿಂದ ಶ್ರೋಣಿಯ ಅಳತೆ ಹೆಚ್ಚುವುದಿಲ್ಲ. ಸೊಂಟದ ಬಾಗು ನೇರವಾಗಿ, ಪ್ಯೂಬಿಸ್ ಮೂಳೆ ತಾಯಿಯ ತಲೆಯ ಕಡೆಗೆ ತಿರುಗಿ, ಸಿಲುಕಿದ ಹೆಗಲನ್ನು ದಾಟಿ ಮೇಲೆ ಹೋಗುತ್ತದೆ. ಅತ್ಯಂತ ಸರಳವೂ ಅತ್ಯಂತ ಫಲಕಾರಿಯೂ ಆದುದರಿಂದ ಇದು ಸರಣಿಯಲ್ಲಿ ಮೊದಲು ಬರುತ್ತದೆ.

ಅದರ ಜೊತೆಯಲ್ಲಿಯೇ ಮೂರನೆಯದು, ಪ್ಯೂಬಿಸ್ ಮೂಳೆಯ ಸ್ವಲ್ಪ ಮೇಲೆ ಹಸ್ತದ ಬುಡದಿಂದ ಒತ್ತುವುದು. ಇಲ್ಲಿ ದಿಕ್ಕು ಮುಖ್ಯ. ಮಗುವಿನ ಬೆನ್ನಿರುವ ಕಡೆಯಿಂದ ಎದೆಯ ಕಡೆಗೆ, ಓರೆಯಾಗಿ ಕೆಳಕ್ಕೆ ಒತ್ತಿದರೆ ಹೆಗಲು ಎದೆಯ ಮೇಲೆ ಮಡಿಚಿಕೊಂಡು ಅಗಲ ಕುಗ್ಗುತ್ತದೆ, ಓರೆಗೂ ತಿರುಗುತ್ತದೆ. ಎದೆಯ ಕಡೆಯಿಂದ ಒತ್ತಿದರೆ ಹೆಗಲು ಅರಳಿ ಅಗಲ ಹೆಚ್ಚುತ್ತದೆ.

ಇವೆರಡೂ ಫಲಿಸದಿದ್ದರೆ ಒಳಗೆ ಕೈಯಿಡಬೇಕಾಗುತ್ತದೆ. ಜಾಗವಿರುವುದು ಹಿಂದೆ, ತ್ರಿಕಾಸ್ಥಿಯ ಕುಳಿಯಲ್ಲಿ; ಮೇಲಿನಿಂದ ಕೈತೂರಿಸುವುದು ಸಾಮಾನ್ಯವಾಗಿ ನಡೆಯುವ ತಪ್ಪು. ಬಿಗಿಯಾದ ಬಳೆಯನ್ನು ತೊಡಿಸಿಕೊಳ್ಳುವಾಗ ಹೆಬ್ಬೆರಳನ್ನು ಒಳಮಡಿಸಿ ಹಸ್ತವನ್ನು ಕಿರಿದಾಗಿಸುವಂತೆ ಮಾಡಿ, ಇಡೀ ಕೈಯನ್ನು ಹಿಂದಿನಿಂದ ಒಳಗೊಯ್ಯಬೇಕು. ಅಲ್ಲಿಂದ ಎರಡು ಕೆಲಸ ಸಾಧ್ಯ. ಒಂದು, ಹೆಗಲನ್ನು ಬೆರಳುಗಳಿಂದ ಒತ್ತಿ ಓರೆಗೆ ತಿರುಗಿಸುವುದು. ಈ ಬಗೆಯ ತಿರುಗಿಸುವಿಕೆಯನ್ನು ತಿರುಪುಮೊಳೆಗೆ ಹೋಲಿಸಿ ವುಡ್ಸ್ ಅವರು 1943ರಲ್ಲಿಯೂ, ಹೆಗಲನ್ನು ಎದೆಯ ಕಡೆಗೆ ಒತ್ತುವ ಬಗೆಯನ್ನು ರೂಬಿನ್ ಅವರು 1964ರಲ್ಲಿಯೂ ವಿವರಿಸಿದರು. ಇನ್ನೊಂದು, ಹಿಂದಿನ ತೋಳನ್ನು ಮೊಣಕೈಯಲ್ಲಿ ಮಡಿಸಿ, ಮಣಿಕಟ್ಟನ್ನು ಹಿಡಿದು, ಎದೆಯ ಮೇಲಿನಿಂದ ಸವರಿಕೊಂಡು ಹೊರತರುವುದು. ಒಂದು ತೋಳು ಹೊರಬಂದರೆ ಉಳಿದ ಹೆಗಲಿಗೆ ಎಡೆ ದೊರೆಯುತ್ತದೆ. ತೋಳಿನ ಮೂಳೆ ಮುರಿಯುವ ಸಂಭವ ಇದರಲ್ಲಿದೆ. ಆದರೆ ಎಳೆಯ ಮೂಳೆ ಬೇಗ ಕೂಡಿಕೊಳ್ಳುತ್ತದೆ, ಹರಿದ ನರ ಹಾಗಲ್ಲ.

ಇವೆಲ್ಲವೂ ಸೋತಾಗ ಮಾತ್ರ ಉಳಿಯುವ ಕೊನೆಯ ಉಪಾಯಗಳು ಕೆಲವಿವೆ: ತಲೆಯನ್ನು ಒಳಗೆ ಮರಳಿಸಿ ಶಸ್ತ್ರಚಿಕಿತ್ಸೆಯಿಂದ ಮಗುವನ್ನು ತೆಗೆಯುವುದು, ಅಥವಾ ಪ್ಯೂಬಿಸ್ ಮೂಳೆಗಳ ನಡುವಿನ ಕಟ್ಟನ್ನು ಬಿಡಿಸುವುದು. ತಾಯಿಗೆ ಹೆಚ್ಚು ಅಪಾಯಕಾರಿಯಾದ ಇವು ವಿರಳವಾಗಿ ಮಾತ್ರ ಬಳಕೆಯಾಗುತ್ತವೆ.

೪. ನಾಲ್ಕು ಕಾಲಿನ ಭಂಗಿ ಮತ್ತು ಅದರ ಪಯಣ

ಮೇಲಿನ ಸರಣಿಯಲ್ಲಿ ನಾನು ಉದ್ದೇಶಪೂರ್ವಕವಾಗಿ ಬಿಟ್ಟಿರುವ ಒಂದು ಕ್ರಮವಿದೆ. ಅಂಗಾತ ಮಲಗಿರುವ ತಾಯಿಯನ್ನು ಹೊರಳಿಸಿ ಅಂಗೈ ಮತ್ತು ಮೊಣಕಾಲುಗಳ ಮೇಲೆ ನಿಲ್ಲಿಸುವುದೇ ಅದು. ವೈದ್ಯಗ್ರಂಥಗಳಲ್ಲಿ ಇದು ಗ್ಯಾಸ್ಕಿನ್ ಕ್ರಮವೆಂದು ಪ್ರಸಿದ್ಧ. ಇನಾ ಮೇ ಗ್ಯಾಸ್ಕಿನ್ ಅಮೆರಿಕದ ಟೆನೆಸೀ ಪ್ರಾಂತದ ಸಮ್ಮರ್‌ಟೌನ್ ಬಳಿ 1971ರಲ್ಲಿ ನೆಲೆಗೊಂಡ 'ದ ಫಾರ್ಮ್' ಎಂಬ ಸಮುದಾಯದ ಸೂಲಗಿತ್ತಿ. 1976ರಲ್ಲಿ ಗ್ವಾಟೆಮಾಲದಲ್ಲಿ ದೊಡ್ಡ ಭೂಕಂಪವಾದ ಬಳಿಕ ಈ ಸಮುದಾಯದ ಪರಿಹಾರ ಸಂಸ್ಥೆ ಅಲ್ಲಿ ಕೆಲಸ ಮಾಡಿತು. ಬೆಲೀಜ್ ದೇಶದ ಒಬ್ಬ ಮಹಿಳೆಯಿಂದ ತಾವು ಈ ಕ್ರಮವನ್ನು ಅರಿತುದಾಗಿಯೂ, ಆಕೆ ಅದನ್ನು ಗ್ವಾಟೆಮಾಲದ ಎತ್ತರದ ಪ್ರದೇಶದ ಮೂಲನಿವಾಸಿ ಸೂಲಗಿತ್ತಿಯರಿಂದ ಕಲಿತಿದ್ದುದಾಗಿಯೂ ಗ್ಯಾಸ್ಕಿನ್ ತಿಳಿಸಿದ್ದಾರೆ. ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ, ಮೂರು ಭಾಷೆ-ಸಮಾಜಗಳನ್ನು ದಾಟಿ ಬಂದ ಈ ಪರಂಪರೆಯನ್ನು ಜಾನಪದ ವಿದ್ವಾಂಸರು ಪ್ರಸರಣವೆಂದು ಕರೆಯುತ್ತಾರೆ.

ಆ ಕ್ರಮ ಕೆಲಸ ಮಾಡುವ ಬಗೆಯನ್ನು ಶರೀರರಚನೆಯಿಂದ ವಿವರಿಸಬಹುದು. ಅಂಗಾತ ಮಲಗಿದಾಗ ತಾಯಿಯ ಭಾರವೆಲ್ಲ ತ್ರಿಕಾಸ್ಥಿಯ ಮೇಲೆ ಬಿದ್ದು ಅದು ಅಲುಗದಂತಾಗುತ್ತದೆ. ತಿರುಗಿ ನಿಂತಾಗ ಅದು ಸಡಿಲಗೊಂಡು ಹಿಂದಕ್ಕೆ ಸರಿಯಬಲ್ಲದು. ಶ್ರೋಣಿಯ ಹಿಂದು-ಮುಂದಿನ ಅಳತೆ ಸ್ವಲ್ಪ ಹಿಗ್ಗುತ್ತದೆ. ಹೊರದಾರಿಯಲ್ಲಿ ಈ ಹಿಗ್ಗು 2 ಸೆಂಟಿಮೀಟರಿನವರೆಗೂ ಇರಬಹುದೆಂದು ತರಬೇತಿ ಗ್ರಂಥಗಳು ಹೇಳುತ್ತವೆ. ತಿರುಗುವ ಚಲನೆಯೇ ಎಷ್ಟೋ ವೇಳೆ ಹೆಗಲನ್ನು ಅದರ ಜಾಗದಿಂದ ಕದಲಿಸುತ್ತದೆ. ಈಗ ತ್ರಿಕಾಸ್ಥಿಯ ಕಡೆಯ ಹೆಗಲು ಮೇಲಿರುತ್ತದೆ. ತಲೆಯನ್ನು ಮೆಲ್ಲಗೆ ನೆಲದ ಕಡೆಗೆ ನಡೆಸಿದರೆ ಆ ಹೆಗಲೇ ಮೊದಲು ಹೊರಬರುತ್ತದೆ.

ಈ ಮೌಖಿಕ ಜ್ಞಾನಕ್ಕೆ ಲಿಖಿತ ಪ್ರಮಾಣ ಸಿಕ್ಕಿದ್ದು 1998ರಲ್ಲಿ. ವೈದ್ಯ ಬ್ರೂನರ್, ಗ್ಯಾಸ್ಕಿನ್ ಮತ್ತಿತರರು ಹೆಗಲು ಸಿಲುಕಿದ 82 ಹೆರಿಗೆಗಳನ್ನು ಸಂತಾನವೈದ್ಯಕ್ಕೆ ಮೀಸಲಾದ ಒಂದು ಅಮೆರಿಕನ್ ಪತ್ರಿಕೆಯಲ್ಲಿ ವರದಿ ಮಾಡಿದರು. ಅವುಗಳಲ್ಲಿ 68, ಅಂದರೆ ಶೇಕಡ 83, ಈ ಭಂಗಿಯೊಂದರಿಂದಲೇ ಬಗೆಹರಿದಿದ್ದವು. ಸಮಸ್ಯೆ ಗುರುತಾದಾಗಿನಿಂದ ಹೆರಿಗೆಯವರೆಗಿನ ಸರಾಸರಿ ಕಾಲ 2.3 ನಿಮಿಷ. ಈ ವರದಿಯ ಮಿತಿಯನ್ನೂ ಹೇಳಬೇಕು. ಬೇರೆ ಕ್ರಮಗಳೊಡನೆ ಹೋಲಿಸಲು ಅದರಲ್ಲಿ ಇನ್ನೊಂದು ಗುಂಪು ಇರಲಿಲ್ಲ. ಈ ಭಂಗಿಯನ್ನು ಮೊದಲೇ ನಂಬಿ ಬಳಸುತ್ತಿದ್ದವರ ಅನುಭವ ಅದು. ಇಷ್ಟಾದರೂ ಅಮೆರಿಕದ ಕುಟುಂಬವೈದ್ಯರ ತುರ್ತು ಹೆರಿಗೆ ತರಬೇತಿಯ ನೆನಪಿನ ಸೂತ್ರದಲ್ಲಿ 'ಹೊರಳಿಸು' ಎಂಬುದು ಕೊನೆಯ ಅಕ್ಷರವಾಗಿ ಸೇರಿತು. ಬ್ರಿಟನ್ನಿನ ಪ್ರಸೂತಿತಜ್ಞರ ರಾಯಲ್ ಕಾಲೇಜಿನ 2012ರ ಮಾರ್ಗಸೂಚಿ ಇದರ ಸ್ಥಾನವನ್ನು ಸಂದರ್ಭಕ್ಕೆ ಬಿಟ್ಟಿತು: ಮೈಗೆ ಸುಲಭವಾಗಿ ತಿರುಗಬಲ್ಲ, ಬೆನ್ನಿನ ಅರಿವಳಿಕೆ ಪಡೆಯದ ತಾಯಿಯೊಡನೆ ಒಬ್ಬಳೇ ಸೂಲಗಿತ್ತಿ ಇದ್ದಾಗ ಒಳಗೆ ಕೈಯಿಡುವುದಕ್ಕಿಂತ ಇದು ಮೊದಲು, ಅರಿವಳಿಕೆಯಿಂದ ಕಾಲು ಜಡವಾದ ತಾಯಿಯೊಡನೆ ಅನುಭವಿ ವೈದ್ಯರಿದ್ದಾಗ ಒಳಗಿನ ಕ್ರಮಗಳೇ ಮೊದಲು.

೫. ಒಂದು ಕಲ್ಪಿತ ನಿದರ್ಶನ

ಕ್ರಮಾವಳಿಯ ತರ್ಕ ಸ್ಪಷ್ಟವಾಗಲೆಂದು ಒಂದು ನಿದರ್ಶನವನ್ನು ಕಲ್ಪಿಸಿಕೊಳ್ಳೋಣ. ತಾಲ್ಲೂಕು ಮಟ್ಟದ ಹೆರಿಗೆ ಕೋಣೆ. ಒಬ್ಬ ದಾದಿ, ಕರೆದರೆ ಬರುವ ಇನ್ನೊಬ್ಬ ದಾದಿ, ಬೇರೆ ಕಟ್ಟಡದಲ್ಲಿರುವ ವೈದ್ಯೆ. ತಾಯಿಗೆ ಎರಡನೆಯ ಹೆರಿಗೆ, ಬಸುರಿನಲ್ಲಿ ಕಾಣಿಸಿಕೊಂಡ ಮಧುಮೇಹ, ಅರಿವಳಿಕೆ ಪಡೆದಿಲ್ಲ. ರಾತ್ರಿ 2 ಗಂಟೆ 10 ನಿಮಿಷಕ್ಕೆ ತಲೆ ಹೊರಬರುತ್ತದೆ, ಕೂಡಲೇ ಹಿಂದಕ್ಕೆ ಸರಿದು ಬಿಗಿಯುತ್ತದೆ. ಒಮ್ಮೆ ಮೆಲ್ಲಗೆ ಹಿಡಿದು ನೋಡಿದ ದಾದಿ ಹೆಗಲು ಬಾರದುದನ್ನು ಕಂಡು ಎಳೆಯುವುದನ್ನು ನಿಲ್ಲಿಸುತ್ತಾಳೆ. 'ಹೆಗಲು ಸಿಕ್ಕಿಕೊಂಡಿದೆ, ಡಾಕ್ಟರಮ್ಮನನ್ನೂ ಮಕ್ಕಳ ಡಾಕ್ಟರನ್ನೂ ಕರೀರಿ' ಎಂದು ಸ್ಪಷ್ಟವಾಗಿ ಕೂಗುತ್ತಾಳೆ. ತಾಯಿಗೆ 'ಮುಕ್ಕಬೇಡಮ್ಮ' ಎನ್ನುತ್ತಾಳೆ.

ಎರಡನೆಯ ದಾದಿ ಮತ್ತು ಜೊತೆಗೆ ಬಂದ ಹೆಂಗಸು ತಾಯಿಯ ಒಂದೊಂದು ತೊಡೆಯನ್ನು ಹೊಟ್ಟೆಗೆ ಮಡಿಸಿ ಹಿಡಿಯುತ್ತಾರೆ. ಮತ್ತೊಮ್ಮೆ ಮೆಲ್ಲನೆಯ ಯತ್ನ, ಹೆಗಲು ಬಾರದು. ಹೊರಬಂದ ಮುಖ ತಾಯಿಯ ಬಲತೊಡೆಯ ಕಡೆಗಿದೆ. ಅಂದರೆ ಮಗುವಿನ ಬೆನ್ನು ತಾಯಿಯ ಎಡಕ್ಕಿದೆ. ಆದುದರಿಂದ ಎರಡನೆಯ ದಾದಿ ತಾಯಿಯ ಎಡಬದಿಯಲ್ಲಿ ನಿಂತು, ಪ್ಯೂಬಿಸ್ ಮೂಳೆಯ ಮೇಲಿನಿಂದ ಬಲಕ್ಕೂ ಕೆಳಕ್ಕೂ ಅರ್ಧ ನಿಮಿಷ ಒತ್ತುತ್ತಾಳೆ. ಈಗ 2 ಗಂಟೆ 11 ನಿಮಿಷ ದಾಟಿದೆ. ಹೆಗಲು ಸ್ವಲ್ಪ ಕದಲಿದರೂ ಬಿಡುವುದಿಲ್ಲ. ವೈದ್ಯೆ ಇನ್ನೂ ದಾರಿಯಲ್ಲಿದ್ದಾಳೆ. ತಾಯಿ ಕಾಲುಗಳನ್ನು ಆಡಿಸಬಲ್ಲವಳಾದುದರಿಂದ ದಾದಿಯರು ಅವಳನ್ನು ಹೊರಳಿಸಿ ಅಂಗೈ-ಮೊಣಕಾಲುಗಳ ಮೇಲೆ ನಿಲ್ಲಿಸುತ್ತಾರೆ. ತಲೆಯನ್ನು ಮೆಲ್ಲಗೆ ಕೆಳಮುಖವಾಗಿ ನಡೆಸಿದಾಗ ಮೇಲಿನ ಹೆಗಲು ಜಾರುತ್ತದೆ, ಮೈ ಹೊರಬರುತ್ತದೆ. ಗಡಿಯಾರ 2 ಗಂಟೆ 13 ನಿಮಿಷ ತೋರಿಸುತ್ತದೆ; ಮಗುವಿನ ತೂಕ 4 ಕಿಲೋ 200 ಗ್ರಾಂ.

ಕೆಲಸ ಇಲ್ಲಿಗೆ ಮುಗಿಯುವುದಿಲ್ಲ. ಮಗು ಎರಡೂ ತೋಳುಗಳನ್ನು ಸಮನಾಗಿ ಆಡಿಸುತ್ತದೆಯೇ, ಕೊರಳೆಲುಬು ಮುರಿದಿದೆಯೇ ಎಂದು ನೋಡಬೇಕು. ತಾಯಿಗೆ ಮಾಸು ಬಿದ್ದ ಬಳಿಕ ರಕ್ತಸ್ರಾವವಾಗುವ ಸಂಭವ ಹೆಚ್ಚಾದುದರಿಂದ ಕಾವಲಿರಬೇಕು. ತಲೆ ಬಂದ ಹೊತ್ತು, ಮೈ ಬಂದ ಹೊತ್ತು, ಮುಂದಿದ್ದ ಹೆಗಲು ಎಡವೋ ಬಲವೋ, ಯಾವ ಕ್ರಮದ ಬಳಿಕ ಯಾವುದು ನಡೆಯಿತು ಎಂಬುದನ್ನೆಲ್ಲ ಬರೆದಿಡಬೇಕು. ಮುಂದಿನ ಬಸುರಿನಲ್ಲಿ ಹೆರಿಗೆಯ ಬಗೆಯನ್ನು ತೀರ್ಮಾನಿಸಲು ಈ ದಾಖಲೆಯೇ ಆಧಾರ.

೬. ಕೈಯ ಕಲಿಕೆ

ಇಷ್ಟು ವಿವರ ಓದಿದವರಿಗೆ ಈ ವಿದ್ಯೆ ಬಂದಂತಾಗಲಿಲ್ಲ ಎಂಬುದನ್ನು ವೈದ್ಯಲೋಕವೇ ಒಪ್ಪಿಕೊಂಡಿದೆ. ಇಂಗ್ಲೆಂಡಿನ ಬ್ರಿಸ್ಟಲ್ ನಗರದ ಸೌತ್‌ಮೀಡ್ ಆಸ್ಪತ್ರೆಯಲ್ಲಿ ಹೆರಿಗೆ ಸಿಬ್ಬಂದಿಯೆಲ್ಲರೂ ಗೊಂಬೆಯ ಮೇಲೆ ಈ ಕ್ರಮಗಳನ್ನು ಅಭ್ಯಾಸ ಮಾಡುವ ಪದ್ಧತಿ ಬಂದ ಬಳಿಕ, ಹೆಗಲು ಸಿಲುಕಿದ ಹೆರಿಗೆಗಳಲ್ಲಿ ಮಕ್ಕಳಿಗಾಗುವ ಪೆಟ್ಟು ಶೇಕಡ 9.3ರಿಂದ 2.3ಕ್ಕೆ ಇಳಿಯಿತೆಂದು 2008ರಲ್ಲಿ ವರದಿಯಾಯಿತು. ಕ್ರಮಗಳು ಹೊಸವಲ್ಲ, ಅವು ಪುಸ್ತಕದಿಂದ ಕೈಗೆ ಇಳಿದದ್ದು ಹೊಸತು. ಸೂಲಗಿತ್ತಿಯರ ಪರಂಪರೆಯಲ್ಲಿ ಕಿರಿಯಳು ಹಿರಿಯಳ ಪಕ್ಕದಲ್ಲಿ ಕೂತು, ಅವಳ ಕೈಯ ಮೇಲೆ ಕೈಯಿಟ್ಟು ಕಲಿಯುತ್ತಿದ್ದುದು ಇದೇ ಬಗೆಯ ಕಲಿಕೆ.

ಆದರೆ ಈ ಜ್ಞಾನ ಶಾಸ್ತ್ರವನ್ನು ಸೇರುವಾಗ ಕಳೆದುಕೊಂಡುದೂ ಇದೆ. ಕ್ರಮ ಉಳಿಯಿತು, ಫಲಿತಾಂಶದ ಲೆಕ್ಕ ದೊರೆಯಿತು, ಆದರೆ ಗ್ವಾಟೆಮಾಲದ ಸೂಲಗಿತ್ತಿಯರ ಹೆಸರು ಗ್ರಂಥದಲ್ಲಿ ಉಳಿಯಲಿಲ್ಲ. ಅವರು ಇದನ್ನು ಏನೆಂದು ಕರೆಯುತ್ತಿದ್ದರು, ಯಾವ ಲಕ್ಷಣ ಕಂಡಾಗ ತಿರುಗಿಸುತ್ತಿದ್ದರು, ಫಲಿಸದಿದ್ದಾಗ ಮುಂದೇನು ಮಾಡುತ್ತಿದ್ದರು ಎಂಬ ಪ್ರಶ್ನೆಗಳಿಗೆ ಒಂದು ಭಂಗಿಯ ಹೆಸರಿನಿಂದ ಉತ್ತರ ದೊರೆಯುವುದಿಲ್ಲ.

ಕರ್ನಾಟಕದ ಸಂದರ್ಭದಲ್ಲಿ ಈ ಮಾತಿಗೆ ಅವಸರವಿದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 2019-21ರ ಸುತ್ತಿನಂತೆ ರಾಜ್ಯದ ಹೆರಿಗೆಗಳಲ್ಲಿ ಶೇಕಡ 97ರಷ್ಟು ಆಸ್ಪತ್ರೆಗಳಲ್ಲಿ ಆಗುತ್ತಿದ್ದವು. ಹೆಗಲು ಸಿಲುಕಿದಾಗ ಎರಡನೆಯ ಜೋಡಿ ಕೈ, ರಕ್ತ, ಮಗುವಿನ ಉಸಿರಾಟಕ್ಕೆ ನೆರವು ದೊರೆಯುವ ಸ್ಥಳ ಆಸ್ಪತ್ರೆಯೇ ಆದುದರಿಂದ ಈ ಬದಲಾವಣೆ ಸ್ವಾಗತಾರ್ಹ. ಆದರೆ ಇದರೊಡನೆ ಸೂಲಗಿತ್ತಿಯರ ಕೊನೆಯ ತಲೆಮಾರು ಮರೆಯಾಗುತ್ತಿದೆ. ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರು ಪದ್ಮಶ್ರೀ ಪುರಸ್ಕಾರ ಪಡೆದ 2018ರಲ್ಲಿಯೇ ತೀರಿಕೊಂಡರು. ಇಂತಹವರನ್ನು ಸಂದರ್ಶಿಸುವ ಕ್ಷೇತ್ರಕಾರ್ಯಕರ್ತರು ಹೆರಿಗೆಗಳ ಸಂಖ್ಯೆ ಮತ್ತು ಬಾಣಂತಿ ಹಾಡುಗಳೊಡನೆ ಇನ್ನೂ ಕೆಲವನ್ನು ಕೇಳಬೇಕು: ತಲೆ ಬಂದು ಮೈ ಬಾರದಿದ್ದಾಗ ತಾಯಿಯನ್ನು ಹೇಗೆ ಕೂರಿಸುತ್ತಿದ್ದಿರಿ, ಕೈ ಎಲ್ಲಿಡುತ್ತಿದ್ದಿರಿ, ಯಾವುದನ್ನು ಮಾಡಬಾರದೆಂದು ನಿಮಗೆ ಹೇಳಿಕೊಟ್ಟಿದ್ದರು? ಉತ್ತರವನ್ನು ಮಾತಿನಲ್ಲಷ್ಟೇ ಪಡೆಯದೆ, ಬಟ್ಟೆಯ ಗೊಂಬೆಯೊಂದನ್ನು ಕೊಟ್ಟು ಮಾಡಿ ತೋರಿಸಲು ಕೇಳಿ ಚಿತ್ರೀಕರಿಸಬೇಕು. ದೊರೆತುದರಲ್ಲಿ ಹಾನಿಕರವಾದ ರೂಢಿಗಳೂ ಇರಬಹುದು. ಅವುಗಳನ್ನೂ ಹಾಗೆಯೇ ದಾಖಲಿಸಿ, ಯಾವುದು ನಿಲ್ಲುತ್ತದೆ ಎಂಬ ಪರೀಕ್ಷೆಯನ್ನು ಪ್ರಸೂತಿತಜ್ಞರಿಗೆ ಒಪ್ಪಿಸಬೇಕು. ಗ್ವಾಟೆಮಾಲದ ಭಂಗಿಯನ್ನು ಯಾರೋ ಒಬ್ಬರು ಕೇಳಿ, ಕಲಿತು, ಹೆರಿಗೆಗಳ ಲೆಕ್ಕವಿಟ್ಟುದರಿಂದ ಅದು ಪರೀಕ್ಷೆಗೆ ಬಂದಿತು. ದಾಖಲಾಗದ ಕ್ರಮವನ್ನು ಪರೀಕ್ಷಿಸಲು ಮುಂದೆ ಯಾರಿಗೂ ಸಾಧ್ಯವಾಗದು.